ಲಿಪಿರಾಯನ ಪ್ರೇಮಸಂದೇಶ

ಬೆಂಗಳೂರಿನ ಯಾವ ಆಫೀಸಿಗೆ ಹೋದರೂ ಒಬ್ಬ ಲಿಪಿರಾಯ ಸಿಕ್ಕೇ ಸಿಗುತ್ತಾನೆ. ಊಟದ ಬಿಡುವಿನಲ್ಲಿ ಮೊಬೈಲ್ ಹಿಡಿದು ಮೇಜಿಂದ ಮೇಜಿಗೆ ಸುತ್ತುತ್ತಿರುವವನೇ ಅವನು. ಒಡಿಶಾದವನ ಪಕ್ಕ ಕೂತು ‘ಪ್ರೀತಿಗೆ ನಿಮ್ಮಲ್ಲಿ ಏನಂತಾರೆ?’ ಎಂದು ಕೇಳಿ, ಉತ್ತರ ಬರುವಷ್ಟರಲ್ಲಿ ‘ಬರೆಯೋದು ಹೇಗೆ?’ ಎಂದೂ ಕೇಳಿರುತ್ತಾನೆ. ಹುಡುಗಿಯ ಜೊತೆ ಇಂಗ್ಲಿಷಿನಲ್ಲಿ ಎರಡು ವರ್ಷ ಹರಟಿರುತ್ತಾನೆ, ಜಗಳವೂ ಆಗಿರುತ್ತದೆ, ಅದೂ ಇಂಗ್ಲಿಷಿನಲ್ಲೇ. ಹುಟ್ಟುಹಬ್ಬ ಹತ್ತಿರ ಬಂದಾಗ ಮಾತ್ರ ಅವಳ ಭಾಷೆಯಲ್ಲೇ, ಅವಳು ಓದುವ ಅಕ್ಷರದಲ್ಲೇ ನಾಲ್ಕು ಸಾಲು ಬರೆಯಬೇಕೆಂಬ ಹಟ ಹತ್ತುತ್ತದೆ. ಬಂಗಾಳಿ ಹುಡುಗಿಯನ್ನು ಮೆಚ್ಚಿದವನ ಪಾಡು ಸುಲಭ. ಬಂಗಾಳಿಗೆ ಒಂದೇ ಲಿಪಿ. ಕಲಿತರೆ ಬಂತು, ಬಿಟ್ಟರೆ ಹೋಯಿತು. ನಮ್ಮ ಆಫೀಸಿನ ಲಿಪಿರಾಯನ ಹಣೆಬರಹ ಬೇರೆ ಇತ್ತು. ಅವನು ಮೆಚ್ಚಿದ್ದು ಗೋವಾದ ಮಡಗಾಂವ್ ಕಡೆಯ ಹುಡುಗಿಯನ್ನು. ಅವಳ ಭಾಷೆ ಕೊಂಕಣಿ.

ಕೊಂಕಣಿಯನ್ನು ದೇವನಾಗರಿಯಲ್ಲಿ ಬರೆಯುತ್ತಾರೆ, ರೋಮನ್ ಅಕ್ಷರದಲ್ಲಿ ಬರೆಯುತ್ತಾರೆ, ನಮ್ಮ ಕನ್ನಡ ಅಕ್ಷರದಲ್ಲೂ ಬರೆಯುತ್ತಾರೆ. ಕೇರಳದಲ್ಲಿ ಮಲಯಾಳಂ ಲಿಪಿಯಲ್ಲೂ ಉಂಟು. ಭಟ್ಕಳದ ನವಾಯತರು ತಮ್ಮ ಕೊಂಕಣಿಯನ್ನು ಉರ್ದುವಿನ ಹಾಗೆ ಬಲದಿಂದ ಎಡಕ್ಕೆ ಬರೆಯುತ್ತಾರೆ. ಇದು ತಿಳಿದ ದಿನ ಲಿಪಿರಾಯ ಹೆದರಲಿಲ್ಲ, ಹಿಗ್ಗಿದ. ಕಾರಣ, ಶಿವಮೊಗ್ಗದ ಈ ಹುಡುಗನಿಗೆ ಐದರಲ್ಲಿ ಒಂದು ಆಗಲೇ ಬರುತ್ತಿತ್ತಲ್ಲ!

ಮೊದಲ ಗುರು ಅಕೌಂಟ್ಸ್ ವಿಭಾಗದ ಮಂಗಳೂರಿನ ಮೇಡಂ. ಮನೆಮಾತು ಕೊಂಕಣಿ, ಕ್ರಿಶ್ಚಿಯನ್ ಮನೆತನ, ಓದಿ ಬೆಳೆದದ್ದು ಮಂಗಳೂರಿನ ‘ರಾಕ್ಣೊ’ ವಾರಪತ್ರಿಕೆ. 1938ರಿಂದ ಕನ್ನಡ ಅಕ್ಷರದಲ್ಲಿ ಕೊಂಕಣಿ ಅಚ್ಚುಹಾಕುತ್ತಿರುವ ಪತ್ರಿಕೆ ಅದು. ಮೇಡಂ ವೋಚರಿನ ಹಿಂಬದಿಗೆ ‘ಹಾಂವ್ ತುಜೊ ಮೋಗ್ ಕರ್ತಾಂ’ ಎಂದು ಬರೆದುಕೊಟ್ಟರು. ಅಂದರೆ ನಾನು ನಿನ್ನನ್ನು ಪ್ರೀತಿಸುತ್ತೇನೆ. ಲಿಪಿರಾಯ ಅದನ್ನು ಗಟ್ಟಿಯಾಗಿ ಓದಿದ, ಸರಾಗವಾಗಿ ಬಂತು, ಕಣ್ಣಲ್ಲಿ ನೀರೂ ಬಂತು. ಹಾಗೆಯೇ ಟೈಪ್ ಮಾಡಿ ಕಳಿಸಿಬಿಟ್ಟ. ಆ ಕಡೆಯಿಂದ ಬಂದ ಉತ್ತರ: ‘ಚೆನ್ನಾಗಿದೆ, ಬಿಎಂಟಿಸಿ ಬಸ್ಸಿನ ಬೋರ್ಡಾ?’

ಪಾಪ, ಅವಳದೇನು ತಪ್ಪು? ಮಂಗಳೂರಿನ ಕೊಂಕಣಿಗರು ಓದುವ ಅಕ್ಷರ ಗೋವಾದವರಿಗೆ ಬಾರದು, ಗೋವಾದವರು ಓದುವುದು ಇವರಲ್ಲಿ ಬಹಳ ಜನಕ್ಕೆ ಬಾರದು. ಎದುರಾಬದುರಾ ಕೂತರೆ ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಾರೆ. ಕಾಗದ ಕೊಟ್ಟರೆ ಅಪರಿಚಿತರು.

ಇಲ್ಲಿಂದ ಮುಂದೆ ಲಿಪಿರಾಯ ಸಂಶೋಧನೆಗೆ ಇಳಿದ. ಈ ಜಾತಿಯವರ ಲಕ್ಷಣವೇ ಅದು. ಒಂದು ಸಾಲು ಬರೆಯಲು ನಾಲ್ಕು ಶತಮಾನ ಓದುತ್ತಾರೆ. ಗೋವಾದ 1987ರ ರಾಜಭಾಷಾ ಕಾಯಿದೆಯಲ್ಲಿ ಕೊಂಕಣಿ ಎಂದರೆ ದೇವನಾಗರಿಯಲ್ಲಿ ಬರೆದ ಕೊಂಕಣಿ ಎಂದಿರುವುದು ಅವನಿಗೆ ಸಿಕ್ಕಿತು. ಕಾಯಿದೆಯೇ ಹೇಳಿದ ಮೇಲೆ ಇನ್ನೇನು! ಕನ್ನಡದ ಸಾಲನ್ನು ಅಕ್ಷರಕ್ಕೆ ಅಕ್ಷರ ದೇವನಾಗರಿಗೆ ತಿರುಗಿಸಿದ. ಅಲ್ಲಿ ಎರಡು ಎಡವಟ್ಟಾದವು. ಕನ್ನಡದಲ್ಲಿ ‘ಮೋಗ್’ ಎಂದು ಬರೆಯಲು ಗಕಾರಕ್ಕೆ ಅರ್ಧಾಕ್ಷರದ ಚಿಹ್ನೆ ಬೇಕೇ ಬೇಕು; ಇಲ್ಲದಿದ್ದರೆ ನಾವು ‘ಮೋಗ’ ಎಂದು ಓದುತ್ತೇವೆ. ದೇವನಾಗರಿಯಲ್ಲಿ ಕೊಂಕಣಿ ಬರೆಯುವವರು ಕೊನೆಯ ಅಕ್ಷರವನ್ನು ಇಡಿಯಾಗಿಯೇ ಬರೆದು ಅರ್ಧ ಓದುತ್ತಾರೆ. ಇವನು ಸಿಕ್ಕಸಿಕ್ಕಲ್ಲೆಲ್ಲ ಕೆಳಗೆ ಹಲಂತದ ಗೀಟು ಎಳೆದಿದ್ದರಿಂದ ಪ್ರೇಮಸಂದೇಶ ಸಂಧ್ಯಾವಂದನೆಯ ಪುಸ್ತಕದಂತೆ ಕಂಡಿತು. ಇನ್ನೊಂದು, ‘ತುಜೊ’ದಲ್ಲಿರುವುದು ಹ್ರಸ್ವ ಒಕಾರ. ಅದು ಕನ್ನಡದಲ್ಲಿ ಇದೆ, ದೇವನಾಗರಿಯ ರೂಢಿಯಲ್ಲಿ ಇಲ್ಲ. ಲಿಪಿ ಬದಲಿಸುವ ತಂತ್ರಾಂಶ ಬಿಡುತ್ತದೆಯೇ? ದ್ರಾವಿಡ ಭಾಷೆಗಳಿಗಾಗಿ ಕಲ್ಪಿಸಿದ ಒಂದು ಚಿಹ್ನೆಯನ್ನು ಹುಡುಕಿ ತಂದು ಅಕ್ಷರದ ತಲೆಯ ಮೇಲೆ ಕೂರಿಸಿತು. ಗೋವಾದ ಯಾವ ಪಠ್ಯಪುಸ್ತಕದಲ್ಲೂ ಕಾಣದ ಕೊಂಕು ಅದು.

ಹುಡುಗಿ ಓದಿದಳು. ಶಾಲೆಯಲ್ಲಿ ಮಾರ್ಕ್ಸಿಗೋಸ್ಕರ ಕಲಿತ ಲಿಪಿ, ಓದಲು ಬರುತ್ತಿತ್ತು. ‘ಎಷ್ಟಕ್ಕೆ ಎಷ್ಟು ಮಾರ್ಕ್ಸ್ ಕೊಡಬೇಕು?’ ಎಂದು ಕೇಳಿದಳು. ಅವಳಿಗೆ ಆ ಅಕ್ಷರ ಎಂದರೆ ಪರೀಕ್ಷೆ ಮತ್ತು ಪಂಚಾಯ್ತಿಯ ನೋಟಿಸು. ಅವಳ ಮನೆಯಲ್ಲಿ ಪ್ರಾರ್ಥನೆಯ ಪುಸ್ತಕ, ಇಗರ್ಜಿಯ ಹಾಡು, ತಿಯಾತ್ರ್ ನಾಟಕದ ಕರಪತ್ರ, ಅಜ್ಜಿ ಓದುವ ವಾರಪತ್ರಿಕೆ ಎಲ್ಲವೂ ರೋಮನ್ ಅಕ್ಷರದಲ್ಲಿ. ಅವರು ಅದನ್ನು ‘ರೋಮಿ’ ಎನ್ನುತ್ತಾರೆ. ಗೋವಾದ ಹಿಂದೂಗಳಲ್ಲಿ ದೇವನಾಗರಿ ಮನೆಯ ಲಿಪಿ, ಕ್ಯಾಥೊಲಿಕರಲ್ಲಿ ರೋಮಿ. ಕಾಯಿದೆಯ ಪುಟದಲ್ಲಿ ಅಡುಗೆಮನೆ ಕಾಣುವುದಿಲ್ಲ.

ರೋಮಿ ಎಂದ ಕೂಡಲೇ ಲಿಪಿರಾಯ ನಿಟ್ಟುಸಿರು ಬಿಟ್ಟ. ಎಬಿಸಿಡಿ ತಾನೆ, ಎಲ್‌ಕೆಜಿಯಿಂದ ಬರುತ್ತದೆ! ದಿನಾ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸುವ ಕೈ ಅದು. ಈ ಸಲ ‘ತುಕಾ’ ಎಂದರೆ ‘ನಿನಗೆ’ ಎಂದು ಬೇರೆ ಎಲ್ಲೋ ಕಲಿತಿದ್ದ. ಯಾರನ್ನೂ ಕೇಳದೆ ಹೀಗೆ ಬರೆದ:

Haanv thuka mog karthaan

ನಮ್ಮ ಗೀತಾ, ಲಲಿತಾ, ಕವಿತಾ ಎಲ್ಲರೂ ತಕಾರಕ್ಕೆ ‘th’ ಹಾಕುವವರು. ಬರೀ ‘t’ ಹಾಕಿದರೆ ಟಕಾರವಾದೀತೆಂಬ ಭಯ ದಕ್ಷಿಣದವರಿಗೆ. ರೋಮಿಯಲ್ಲಿ ಲೆಕ್ಕವೇ ಬೇರೆ. ಅಲ್ಲಿ ‘t’ ಎಂದರೆ ತ, ‘th’ ಎಂದರೆ ಥ. ಹೀಗಾಗಿ ಅವನ ‘ತುಕಾ’ ಅವಳ ಕಣ್ಣಿಗೆ ‘ಥುಕಾ’ ಆಯಿತು. ಹಿಂದಿ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ: ಥೂಕಾ ಎಂದರೆ ಉಗುಳಿದ್ದು. ನಾನು ಮೋಗದಿಂದ ಉಗಿದೆ ಎಂಬ ಅರ್ಥ ಬರುವಂತೆ ಬರೆದವನು ರಾತ್ರಿ ಹನ್ನೆರಡಕ್ಕೆ ಸರಿಯಾಗಿ ಅದನ್ನು ಕಳಿಸಿ ಉತ್ತರಕ್ಕೆ ಕಾದು ಕೂತಿದ್ದ.

ಮರುದಿನ ಮತ್ತೆ ಅಕೌಂಟ್ಸಿಗೆ. ‘ಎಂತ ಮಾರಾಯ, ಕೇಳಿ ಬರೆಯಲಿಕ್ಕೆ ಆಗುದಿಲ್ಲವಾ ನಿನಗೆ?’ ಎಂದು ಮೇಡಂ ಬೈದರು. ಅವರ ನಾದಿನಿಯನ್ನು ಕೊಟ್ಟದ್ದು ಗೋವಾಕ್ಕೆ. ಹಾಗಾಗಿ ರೋಮಿ ಅವರಿಗೆ ಗೊತ್ತು. ಗೋವಾದಲ್ಲಿ 1933ರಲ್ಲಿ ಶುರುವಾದ ವಾರಪತ್ರಿಕೆಯ ಹೆಸರಿನ ಕೊನೆಯ ಪದವನ್ನು ಚೀಟಿಯಲ್ಲಿ ಬರೆದು ಎದುರಿಗಿಟ್ಟರು: Ixtt. ‘ಓದು ನೋಡುವ.’

‘ಇಕ್ಸ್... ಇಕ್ಸ್‌ಟ್ಟ್?’

‘ಇಷ್ಟ್! ಗೆಳೆಯ ಅಂತ ಅರ್ಥ. ಎಕ್ಸ್ ಕಂಡರೆ ಷ, ಎರಡು ಟೀ ಕಂಡರೆ ಟ. ಒಂದೇ ಟೀ ಆದರೆ ತ.’

ಪೋರ್ಚುಗೀಸರಲ್ಲಿ ‘x’ಗೆ ಶಕಾರದ ಉಚ್ಚಾರ ಉಂಟು, ಅಲ್ಲಿಂದ ಬಂದದ್ದು. ಮೂರ್ಧನ್ಯ ಅಕ್ಷರಗಳಿಗೆ ಪೋರ್ಚುಗೀಸಿನಲ್ಲಿ ಗುರುತೇ ಇಲ್ಲದ್ದರಿಂದ ಜೋಡಿ ಅಕ್ಷರ ಹಾಕುವ ರೂಢಿ ಬೆಳೆಯಿತು: ‘dd’ ಎಂದರೆ ಡ, ‘nn’ ಎಂದರೆ ಣ, ‘ll’ ಎಂದರೆ ಳ. ಮೇಡಂ ಓದುವ ರಾಕ್ಣೊವನ್ನು ರೋಮಿಯಲ್ಲಿ ಬರೆದರೆ Raknno. ನಮ್ಮ ಅಕಾರ ಅವರಲ್ಲಿ ಬಹಳ ಕಡೆ ‘o’ ಆಗುತ್ತದೆ. ಪದದ ಕೊನೆಯ ‘m’ ಮಕಾರವಲ್ಲ, ಮೂಗಿನಲ್ಲಿ ಎಳೆದುಬಿಡುವ ಗುರುತು. ಹೀಗಾಗಿ ‘ಕರ್ತಾಂ’ ಎಂಬುದು kortam. ಲಿಪಿರಾಯ ಇದನ್ನು ಆಂಧ್ರದವರಂತೆ ‘ಕೊರ್ತಂ’ ಎಂದು ಮೂರು ದಿನ ಪಠಿಸುತ್ತ ತಿರುಗಿದ; ಸೆಕ್ಯೂರಿಟಿಯವರು ಮಂತ್ರ ಎಂದುಕೊಂಡರು.

ನಡುವೆ ಇತಿಹಾಸದ ಹುಚ್ಚು ಇಳಿದಿರಲಿಲ್ಲ. ಹಳೆಯ ಗೋವಾದಲ್ಲಿ ಕನ್ನಡವನ್ನು ಹೋಲುವ ‘ಗೋಯ್ಕಾನಡಿ’ ಎಂಬ ಲಿಪಿ ಇತ್ತೆಂದು ಎಲ್ಲೋ ಓದಿ, ‘ಮೂಲದಲ್ಲಿ ಅವಳೇ ನಮ್ಮ ಅಕ್ಷರ ಓದಬೇಕು ಸಾರ್’ ಎಂದು ನನ್ನ ಹತ್ತಿರ ವಾದಿಸಿದ. ‘ಇದನ್ನು ಅವಳಿಗೆ ಹೇಳು’ ಎಂದೆ. ಹೇಳಲಿಲ್ಲ. ಅಷ್ಟು ವಿವೇಕ ಈ ಜಾತಿಯವರಿಗೆ ಇರುತ್ತದೆ.

ಲಿಪಿ ಸರಿಯಾಯಿತು ಎನ್ನುವಷ್ಟರಲ್ಲಿ ಅವನಿಗೆ ಸಾಲು ಸಪ್ಪೆ ಎನಿಸತೊಡಗಿತು. ‘ಪ್ರೀತಿಸುತ್ತೇನೆ’ ಅನ್ನುವುದು ಎಲ್ಲರೂ ಬರೆಯುವುದೇ, ‘ನಿನ್ನ ಪ್ರೀತಿಯಲ್ಲಿ ಬಿದ್ದೆ’ ಎಂದು ಬೇಕು ಎಂದ. ಮೇಡಂ ತಿಂಗಳ ಕೊನೆಯ ಲೆಕ್ಕದ ನಡುವೆ, ಕಂಪ್ಯೂಟರಿನಿಂದ ಕಣ್ಣು ಕೀಳದೆ, ತಾವು ಹೇಗೆ ಹೇಳುತ್ತಾರೋ ಹಾಗೇ ಹೇಳಿದರು. ಇವನು ಕಲಿತ ನಿಯಮದ ಪ್ರಕಾರ ಬರೆದ:

Hanv tujea mogan poddlim

ಡಕಾರಕ್ಕೆ ಎರಡು ಡಿ, ತಕಾರಕ್ಕೆ ಒಂದೇ ಟಿ, ಮೂಗಿಗೆ ಎಂ. ಕಾಗುಣಿತದಲ್ಲಿ ಒಂದು ಚುಕ್ಕೆ ತಪ್ಪಿಲ್ಲ. ಕಳಿಸಿದ. ತಕ್ಷಣ ಉತ್ತರ ಬಂತು: ‘ಯಾವ ಹುಡುಗಿ ಬರೆದುಕೊಟ್ಟಳು?’

ಕನ್ನಡದಲ್ಲಿ ‘ಬಿದ್ದೆ’ ಎಂದರೆ ಗಂಡೂ ಬಿದ್ದಿರಬಹುದು, ಹೆಣ್ಣೂ ಬಿದ್ದಿರಬಹುದು. ಕೊಂಕಣಿಯಲ್ಲಿ ಬಿದ್ದವರು ಯಾರೆಂದು ಕ್ರಿಯಾಪದವೇ ಚಾಡಿ ಹೇಳುತ್ತದೆ. ಗಂಡಸು ಬಿದ್ದರೆ poddlom, ಹೆಂಗಸು ಬಿದ್ದರೆ poddlim. ‘ಕರ್ತಾಂ’ ಎಂಬ ವರ್ತಮಾನ ರೂಪದಲ್ಲಿ ಈ ಭೇದ ಕಾಣುವುದಿಲ್ಲ, ಹಾಗಾಗಿ ಅಲ್ಲಿಯವರೆಗೆ ಬಚಾವಾಗಿದ್ದ. ಹಿಂದಿ, ಮರಾಠಿ, ಪಂಜಾಬಿಗಳಿಗೆ ಬರೆಸಿಕೊಳ್ಳುವ ಲಿಪಿರಾಯರಿಗೂ ಇದೇ ಗಂಡಾಂತರ. ಅನುವಾದ ಮಾಡಿಕೊಟ್ಟವರು ಹೆಂಗಸಾದರೆ ಪ್ರೇಮಿ ಹೆಣ್ಣಾಗಿಬಿಡುತ್ತಾನೆ, ಯಾವ ಕಾಗುಣಿತದ ಶುದ್ಧಿಯೂ ಅದನ್ನು ಮುಚ್ಚಲಾರದು. ಐವತ್ತು ದಾಟಿದ ಅಕೌಂಟ್ಸ್ ಮೇಡಂ ಫೋಟೊ ಕಳಿಸಿದ ಮೇಲೆ ಅನುಮಾನ ಪರಿಹಾರವಾಯಿತು. ಮೇಡಂ ಮಾತ್ರ ‘ನನ್ನ ಫೋಟೊ ಯಾಕೆ ಕಳಿಸಿದ್ದು ನೀನು?’ ಎಂದು ಒಂದು ವಾರ ಅವನ ಟಿಎ ಬಿಲ್ಲು ತಡೆಹಿಡಿದರು.

ಕೊನೆಗೆ ಇಕಾರ ತೆಗೆದು ಒಕಾರ ಹಾಕಿ ಕಳಿಸಿದ. ಒಂದು ಗಂಟೆ ಉತ್ತರವಿಲ್ಲ. ಆಮೇಲೆ ಬಂದದ್ದು ಹೀಗಿತ್ತು:

Nonogu ixtt

ಲಿಪಿರಾಯನಿಗೆ ಬೆವರು ಬಂತು. ಕೊಂಕಣಿ ನಿಘಂಟು ತೆಗೆದ. ‘ನೊನೊಗು’ ಸಿಗಲಿಲ್ಲ. ಓಡಿದ. ಮೇಡಂ ಕನ್ನಡಕ ಏರಿಸಿ ನೋಡಿದರು, ಇಡೀ ವಿಭಾಗಕ್ಕೆ ಕೇಳುವಂತೆ ನಕ್ಕರು. ‘ಇದು ಕೊಂಕಣಿ ಎಲ್ಲಿ ಮಾರಾಯ, ಇದು ನಿನ್ನ ಕನ್ನಡ! ನನಗೂ ಇಷ್ಟ ಅಂತ ಬರೆದಿದ್ದಾಳೆ, ರೋಮಿಯಲ್ಲಿ.’

ಮದುವೆಯ ಕರೆಯೋಲೆ ಈಗ ಪ್ರೂಫಿನಲ್ಲಿದೆ. ಒಂದು ಬದಿ ಕನ್ನಡ, ಇನ್ನೊಂದು ಬದಿ ರೋಮಿ ಕೊಂಕಣಿ. ಮಂಗಳೂರು ಕಡೆಯ ಅತಿಥಿಗಳಿಗಾಗಿ ಕನ್ನಡ ಲಿಪಿಯ ಕೊಂಕಣಿಯೂ ಇರಲಿ ಎಂದು ಮೇಡಂ ಪಟ್ಟು ಹಿಡಿದಿದ್ದಾರೆ, ಪ್ರೆಸ್ಸಿನವನು ರೇಟು ಏರಿಸಿದ್ದಾನೆ.

ಈ ದಾರಿಯಲ್ಲಿ ಹೊರಟವರು ನಿಮ್ಮಲ್ಲೂ ಇದ್ದರೆ, ಕಾಯಿದೆ ಓದಬೇಡಿ. ಆಕೆ ತನ್ನ ತಾಯಿಗೆ ಯಾವ ಅಕ್ಷರದಲ್ಲಿ ಮೆಸೇಜ್ ಮಾಡುತ್ತಾಳೆಂದು ಮೊದಲು ಕೇಳಿಕೊಳ್ಳಿ, ಬರೆದದ್ದನ್ನು ಆ ಭಾಷೆಯ ಒಬ್ಬ ಗಂಡಸಿಗೆ ಒಮ್ಮೆ ತೋರಿಸಿ. ಅಕೌಂಟ್ಸಿನವರ ಹತ್ತಿರ ಹೋಗುವುದಾದರೆ ದಯವಿಟ್ಟು ಮಾರ್ಚ್ ಕೊನೆಯ ವಾರ ಮಾತ್ರ ಬೇಡ.