ಮೂರು ಸೆಕೆಂಡಿನ ಸೋದರಳಿಯ

ನಮ್ಮ ಕಾಲದಲ್ಲಿ ಮನೆಗೊಬ್ಬ ಜ್ಯೋತಿಷ್ಯ ಬಲ್ಲವನೋ ರೇಡಿಯೋ ರಿಪೇರಿ ಬಲ್ಲವನೋ ಇರುತ್ತಿದ್ದ. ಈಗ ಮನೆಗೊಬ್ಬ ‘ಹುಕ್’ ಬರೆಯುವವನಿದ್ದಾನೆ. ಹುಕ್ ಎಂದರೆ ಅಂಗಿಗೆ ಹೊಲಿಯುವುದಲ್ಲ. ರೀಲಿನ ಮೊದಲ ಮೂರು ಸೆಕೆಂಡು. ಅಷ್ಟರಲ್ಲಿ ನೋಡುವವರ ಬೆರಳನ್ನು ನಿಲ್ಲಿಸಬೇಕು. ಆ ಕೆಲಸಕ್ಕೆ ತಿಂಗಳ ಸಂಬಳ ಕೊಡುತ್ತಾರೆಂದು ನನ್ನ ಅಕ್ಕನ ಮಗ ಹೇಳಿದಾಗ ನಾನು ನಂಬಲಿಲ್ಲ.

ಈ ಜಾತಿಯವರನ್ನು ಗುರುತು ಹಿಡಿಯುವುದು ಕಷ್ಟವಲ್ಲ. ಮದುವೆ ಮನೆಯಲ್ಲಿ ಮಂಗಳವಾದ್ಯ ಮುಗಿಯುವ ಮೊದಲೇ ಹೊರಗೆ ನಿಂತಿರುತ್ತಾರೆ. ಕಥೆ ಹೇಳಲು ಹೊರಟರೆ ಕೈಯಲ್ಲೇ ಕತ್ತರಿ ಆಡಿಸುತ್ತಾರೆ. ನಮ್ಮವನಂತೂ ನಾನು ‘ಒಂದೂರಲ್ಲಿ’ ಎಂದ ಕೂಡಲೇ ‘ಡ್ರಾಪ್ ಆಯ್ತು ಮಾಮಾ’ ಅನ್ನುತ್ತಾನೆ.

ಮೂವತ್ತು ವರ್ಷ ಪತ್ರಿಕೆಯಲ್ಲಿ ತಲೆಬರಹ ಕೊಟ್ಟವನು ನಾನು. ನಿವೃತ್ತಿಯಾದ ಮೇಲೆ ಒಂದು ದಿನ ಅವನೇ ಬಂದ. ಬೆಂಗಳೂರಿನ ಒಂದು ಸಣ್ಣ ಕಂಪನಿಯ ಸನ್‌ಸ್ಕ್ರೀನು, ಬೆಲೆ 399 ರೂಪಾಯಿ. ಜನ್ಮದಲ್ಲಿ ಸನ್‌ಸ್ಕ್ರೀನ್ ಕೊಂಡಿರದ, ಈಗಷ್ಟೇ ಮೊದಲ ಸಂಬಳ ಎಣಿಸಿದ ಹುಡುಗಿಯರಿಗೆ ಕನ್ನಡದಲ್ಲಿ ಒಂದು ಹುಕ್ ಬೇಕಂತೆ. ನನಗೆ ಜಂಬ ಬಂತು. ಕನ್ನಡಕ ಒರೆಸಿಕೊಂಡು ಬರೆದೆ: ‘ತ್ವಚೆಯ ಸಂರಕ್ಷಣೆಗೆ ಸೂರ್ಯಕಿರಣ ನಿರೋಧಕ ಲೇಪನ ಅತ್ಯಗತ್ಯ.’

ಅವನು ಬೆರಳು ಮಡಚಿ ಎಣಿಸಿದ. ‘ಇಪ್ಪತ್ನಾಲ್ಕು ಅಕ್ಷರ. ಒಂದು ಸೆಕೆಂಡಿಗೆ ಆರು ಅಂತಿಟ್ಟರೂ ಮೂರಕ್ಕೆ ಹದಿನೆಂಟು. ನೀವು “ನಿರೋಧಕ” ಅನ್ನೋ ಹೊತ್ತಿಗೆ ಹುಡುಗಿ ಮುಂದಕ್ಕೆ ಹೋದ್ಲು ಮಾಮಾ. ಪಾಪ, ಇದು ಬೇರೇನೋ ಸರ್ಕಾರಿ ಜಾಹೀರಾತು ಅಂದ್ಕೊಂಡಿರ್ತಾಳೆ.’

ಹುಡುಗನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಕನ್ನಡದಲ್ಲಿ ಪದಗಳನ್ನು ಎಣಿಸಿ ಪ್ರಯೋಜನವಿಲ್ಲ. ವಿಭಕ್ತಿ ಪ್ರತ್ಯಯವೆಲ್ಲ ಅಂಟಿಕೊಂಡು ಒಂದೇ ಪದ ರೈಲಿನಷ್ಟು ಉದ್ದವಾಗುತ್ತದೆ. ಎಣಿಸಬೇಕಾದದ್ದು ಬಾಯಿಗೆ ಬರುವ ಅಕ್ಷರವನ್ನು. ಇಷ್ಟು ವರ್ಷ ಕಾಲಂ ಅಗಲಕ್ಕೆ ಅಕ್ಷರ ಎಣಿಸಿದ ನನಗೆ ಇದು ಹೊಳೆಯದೆ ಹೋದದ್ದಕ್ಕೆ ಇವತ್ತಿಗೂ ಮುಜುಗರವಿದೆ.

ಎರಡನೆಯದರಲ್ಲಿ ನಾನು ಆಧುನಿಕನಾದೆ. ಡಬ್ಬಿಯ ಮೇಲಿದ್ದುದನ್ನೇ ಇಳಿಸಿದೆ: ‘ನಿಯಾಸಿನಮೈಡ್ ಇರುವ ಎಸ್‌ಪಿಎಫ್ 50!’ ಅದಕ್ಕವನು ಸೋಫಾದ ಮೇಲೆ ಕಾಲು ಚಾಚಿದ. ‘ಇದು ಆಗಲೇ ಎರಡು ಬ್ರಾಂಡ್ ಹಚ್ಚಿ ಬಿಟ್ಟವರಿಗೆ. ಎಸ್‌ಪಿಎಫ್ 30 ತಡೆಯೋದು ಸುಮಾರು 97 ಪಾಲು ಯುವಿಬಿ, 50 ತಡೆಯೋದು 98 ಅಂತ ಕೂತು ಹೋಲಿಸೋ ಮಂದಿಗೆ. ಮೊದಲ್ನೇ ಸಲ ಕೊಳ್ಳೋಳಿಗೆ ಆ ಪ್ರಶ್ನೆಯೇ ಹುಟ್ಟಿಲ್ಲ ಮಾಮಾ. ಹುಟ್ಟದ ಪ್ರಶ್ನೆಗೆ ಉತ್ತರ ಹೇಳಿದ್ರೆ ಯಾರು ನಿಲ್ತಾರೆ?’

ಮೂರನೆಯದಕ್ಕೆ ಸಿಟ್ಟು ಬಂದು ಹೆದರಿಸಿಯೇ ಬಿಟ್ಟೆ: ‘ನಿಮ್ಮ ಮುಖ ಹಾಳಾಗ್ತಿದೆ, ನೋಡಿ!’ ಇದು ಅವನ ಕಂಪನಿಯವರಿಗೆ ಬಹಳ ಹಿಡಿಸಿತು, ರೀಲೂ ಹೊರಟಿತು. ಮರುದಿನ ಅವನು ಫೋನಿನಲ್ಲಿ, ಯಾವ ಸೆಕೆಂಡಿನವರೆಗೆ ಎಷ್ಟು ಮಂದಿ ನೋಡುತ್ತಾ ಉಳಿದರೆಂದು ಹೇಳುವ ಗೆರೆಯೊಂದನ್ನು ತೋರಿಸಿದ. ಮೂರನೇ ಸೆಕೆಂಡಿನವರೆಗೆ ಗೆರೆ ತಕ್ಕಮಟ್ಟಿಗೆ ನಿಂತಿತ್ತು, ನಾಲ್ಕನೆಯದರಲ್ಲಿ ಬಾವಿಗೆ ಬಿದ್ದಂತೆ ಇಳಿದಿತ್ತು. ಶುರುವಿನಲ್ಲೇ ಗೆರೆ ಬಿದ್ದರೆ ಹುಕ್ ಸೋತಿತೆಂದು ಅರ್ಥವಂತೆ. ಮೂರು ದಾಟಿದ ಮೇಲೆ ಬಿದ್ದರೆ ಹುಕ್ ಹೇಳಿದ್ದೊಂದು, ರೀಲು ತೋರಿಸಿದ್ದೊಂದು ಎಂದು ಅರ್ಥವಂತೆ. ಹೆದರಿ ನಿಂತವರಿಗೆ ನಾವು ತೋರಿಸಿದ್ದಾದರೂ ಏನು? ತಿರುಗುತ್ತಿದ್ದ ಡಬ್ಬಿ, ಅದರ ಮೇಲೆ ಕಂಪನಿಯ ಲಾಂಛನ.

ನಡುವೆ ಅವನಿಗೂ ಒಂದು ಐಡಿಯಾ ಬಂದಿತ್ತು. ಬಿಸಿಲಲ್ಲಿ ಸ್ಕೂಟರು ಓಡಿಸುವವಳು ವಾಚು ಬಿಚ್ಚುತ್ತಾಳೆ, ಮಣಿಕಟ್ಟಿನ ಸುತ್ತ ಬಿಳಿ ಪಟ್ಟಿ ಕಾಣಿಸುತ್ತದೆ. ಮಾತೇ ಬೇಡ. ನಾನು ಭಲೇ ಎಂದೆ. ಆಮೇಲೆ ಅವನೇ ಹಿಂದೆಗೆದ. ಬಿಳಿಯದು ಒಳ್ಳೆಯದು, ಕಪ್ಪಾದದ್ದು ಕೆಟ್ಟದ್ದು ಎಂದು ಓದಿಕೊಳ್ಳುತ್ತಾರೆ ಎಂದ. ಬಣ್ಣದ ಕಾರಣಕ್ಕೆ ಯಾರನ್ನೂ ಕೀಳಾಗಿ ತೋರಿಸಬಾರದೆಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲೇ ನಿಯಮ ಮಾಡಿದೆ. ‘ಫೇರ್ ಅಂಡ್ ಲವ್ಲಿ’ ಎಂಬ ಹೆಸರೇ 2020ರಲ್ಲಿ ಬದಲಾಯಿತು. ನಿಯಮ ಇರಲಿ, ಅವನೂ ನಮ್ಮ ಮನೆತನದ ಬಣ್ಣದವನೇ. ಚಿಕ್ಕವನಿದ್ದಾಗ ಅವನ ಮುಖಕ್ಕೆ ಕಡಲೆಹಿಟ್ಟು ತಿಕ್ಕಿ ತಿಕ್ಕಿ ಸುಸ್ತಾದ ಬಂಧುಗಳಲ್ಲಿ ನನ್ನ ಹೆಂಡತಿಯೂ ಒಬ್ಬಳು. ಅದನ್ನು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕೊನೆಗೆ ಹುಕ್ ಸಿಕ್ಕಿದ್ದು ಅಕ್ಕನ ಅಡುಗೆಮನೆಯಲ್ಲಿ. ಇವನು ಟ್ಯೂಬು ಹಿಡಿದು ಕನ್ನಡಿ ಮುಂದೆ ನಿಂತಿದ್ದ. ಅಕ್ಕ ಸೌಟು ಹಿಡಿದುಕೊಂಡೇ ಇಣುಕಿ, ‘ಮುಖಕ್ಕೆ ಸುಣ್ಣ ಬಳಿದ ಹಾಗಾಗಲ್ವೇನೋ?’ ಎಂದಳು.

ಇವನ ಬೆರಳು ತಾನಾಗಿ ಮಡಚಿಕೊಂಡಿತು. ಹದಿಮೂರು ಅಕ್ಷರ! ಮೊದಲ ಸಲ ಕೊಳ್ಳುವವಳ ತಲೆಯಲ್ಲಿ ಇರುವುದೂ ಇದೇ. 399 ಕೊಟ್ಟು ತಂದು, ನಾಳೆ ಆಫೀಸಿಗೆ ಯಕ್ಷಗಾನದ ವೇಷ ಹಾಕಿಕೊಂಡು ಹೋದಂತಾದರೆ? ಇದನ್ನು ಅಂಗಡಿಯವನ ಹತ್ತಿರ ಕೇಳಲು ನಾಚಿಕೆ. ಮನೆಯಲ್ಲಿ ಅಮ್ಮನೋ ಅಜ್ಜಿಯೋ ಕೇಳಿಯೇ ಕೇಳುತ್ತಾರೆ.

ಇನ್ನು ನಾಲ್ಕನೇ ಸೆಕೆಂಡಿಗೆ ಉತ್ತರ ತೋರಿಸಬೇಕಿತ್ತು. ಇಲ್ಲಿ ಮೋಸ ಮಾಡುವುದು ಸುಲಭ. ಬಟಾಣಿಯಷ್ಟು ಹಚ್ಚಿದರೆ ಯಾವ ಸನ್‌ಸ್ಕ್ರೀನೂ ಬೆಳ್ಳಗೆ ಕಾಣುವುದಿಲ್ಲ. ಮುಖಕ್ಕೂ ಕತ್ತಿಗೂ ನಿಜವಾಗಿ ಬೇಕಾಗುವುದು ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎಳೆದ ಎರಡು ಗೆರೆಯಷ್ಟು. ಜಿಂಕ್ ಆಕ್ಸೈಡೋ ಟೈಟಾನಿಯಂ ಡೈಆಕ್ಸೈಡೋ ಇದ್ದ ಕ್ರೀಮಾದರೆ ಅಷ್ಟು ಹಚ್ಚಿದಾಗಲೇ ನಮ್ಮಂಥ ಮುಖದ ಮೇಲೆ ಸುಣ್ಣ ಎದ್ದು ಕಾಣುತ್ತದೆ. ಈ ಟ್ಯೂಬಿನಲ್ಲಿ ಅವೆರಡೂ ಇರಲಿಲ್ಲ. ಆದರೂ ಇವನು ಎರಡು ಗೆರೆ ಪೂರ್ತಿ ಎಳೆದು, ಕಿಟಕಿ ಬೆಳಕಿನಲ್ಲಿ, ಫಿಲ್ಟರ್ ಇಲ್ಲದೆ ತನ್ನ ಅರ್ಧ ಮುಖಕ್ಕೆ ಹಚ್ಚಿಕೊಂಡ. ಬೆಳ್ಳಗಾಗಿದ್ದರೆ ಹುಕ್ಕನ್ನೇ ಕೈಬಿಡುತ್ತೇನೆ ಎಂದಿದ್ದ. ಆಗಲಿಲ್ಲ. ಮೂರು ಸೆಕೆಂಡಿನ ಮನುಷ್ಯ ಆ ನಾಲ್ಕನೇ ಸೆಕೆಂಡಿಗಾಗಿ ಒಂದು ಇಡೀ ಬೆಳಗ್ಗೆ ಕಳೆದದ್ದನ್ನು ಕಣ್ಣಾರೆ ಕಂಡೆ.

ಎಷ್ಟೋ ಮಂದಿ ಸದ್ದು ಆರಿಸಿ ನೋಡುವುದರಿಂದ ಮಾತನ್ನು ಪರದೆಯ ಮೇಲೂ ಬರೆಯಬೇಕು. ಈ ಒಂದು ಕೆಲಸ ನನ್ನ ಪಾಲಿಗೆ ಬಂತು. ಕೆಳಗೆ ಹಾಕಿದರೆ ಖಾತೆಯ ಹೆಸರು, ಒಕ್ಕಣೆ ಎಲ್ಲ ಸೇರಿ ಮುಚ್ಚಿಬಿಡುತ್ತವೆ, ಆದ್ದರಿಂದ ನಡುವಿಗಿಂತ ಸ್ವಲ್ಪ ಮೇಲೆ, ಎರಡು ಸಾಲು. ‘ಸುಣ್ಣ’ದ ಒತ್ತು ಕೆಳಗಿನ ಸಾಲಿನ ನೆತ್ತಿಗೆ ತಾಗದ ಹಾಗೆ ಸಾಲು ಬಿಡಿಸಿದೆ. ಅದಕ್ಕೆ ಅಳಿಯ ‘ಸೂಪರ್’ ಎಂದ. ಮೂವತ್ತು ವರ್ಷದಲ್ಲಿ ಸಂಪಾದಕರು ಯಾರೂ ಹಾಗೆ ಅಂದಿರಲಿಲ್ಲ.

ಈ ಸಲ ಗೆರೆ ಬಾವಿಗೆ ಬೀಳಲಿಲ್ಲ. ಭಾನುವಾರ ಅಕ್ಕನಿಗೆ ರೀಲು ತೋರಿಸಿದೆವು. ತನ್ನದೇ ದನಿ ಕೇಳಿ ನಕ್ಕಳು, ಇನ್ನೊಮ್ಮೆ ಹಾಕಿಸಿ ಕೇಳಿದಳು. ಆಮೇಲೆ ಮುಖ ಸಪ್ಪಗಾಯಿತು.

‘ನಾನು ಆಮೇಲೂ ಮಾತಾಡಿದ್ನಲ್ಲೋ. ಬಿಸಿಲಲ್ಲಿ ಓಡಾಡ್ಬೇಡ, ಮಜ್ಜಿಗೆ ಕುಡ್ಕೊಂಡು ಹೋಗು ಅಂದೆ. ಅದೆಲ್ಲಿ?’

‘ಕಟ್ ಮಾಡ್ದೆ ಅಮ್ಮಾ’ ಎಂದ ಅಳಿಯ.

‘ಮಜ್ಜಿಗೆನಾದ್ರೂ ಕುಡ್ದ್ಯಾ?’

ಅವನು ಫೋನಿನಲ್ಲಿ ಏನೋ ಹುಡುಕುತ್ತಿದ್ದ, ಉತ್ತರ ಬರಲಿಲ್ಲ. ಅಕ್ಕ ಎದ್ದು ಒಳಗೆ ಹೋಗಿ ಎರಡು ಲೋಟ ತಂದಳು. ಒಂದು ನನಗೆ.