ಧ್ವನಿವರ್ಧಕ ಮಹಾಶಯರ ಸಂದರ್ಶನ

ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ವಂದನಾರ್ಪಣೆಯವರೆಗೆ ಒಂಟಿಕಾಲಿನಲ್ಲಿ ನಿಂತು, ಅಭಿಪ್ರಾಯಭೇದವಿಲ್ಲದೆ ಎಲ್ಲರ ಮಾತನ್ನೂ ದೊಡ್ಡದು ಮಾಡಿದ ಧ್ವನಿವರ್ಧಕ ಮಹಾಶಯರು, ಶಾಮಿಯಾನದವರು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ ವೇಳೆಯಲ್ಲಿ ನಮಗೆ ದೊರೆತರು. ಭಾಷಣಕಾರರನ್ನು ಕುರಿತು ಏನನ್ನೂ ನುಡಿಯಲು ಅವರು ಸಮ್ಮತಿಸಲಿಲ್ಲ. ಆದರೆ ಒಬ್ಬ ಭಾಷಣಕಾರರಿಂದ ಮತ್ತೊಬ್ಬರ ಕಡೆಗೆ ಸಭೆಯನ್ನು ದಾಟಿಸುವ ನಿರೂಪಕರ ಪ್ರಸ್ತಾಪ ಬಂದೊಡನೆ ಅವರ ಕಂಠ ತಾನಾಗಿಯೇ ಕೀಚೆಂದಿತು.

ನಿರೂಪಕರ ಮೇಲೆ ತಮಗೇಕೆ ಇಷ್ಟು ಮುನಿಸು?

ಮುನಿಸಲ್ಲ, ಲೆಕ್ಕ. ಇಂದಿನ ಗೋಷ್ಠಿಯಲ್ಲಿ ಐವರು ಭಾಷಣಕಾರರು, ಒಬ್ಬೊಬ್ಬರಿಗೆ 15 ನಿಮಿಷ. ಪ್ರತಿಯೊಬ್ಬರನ್ನು ಕರೆಯಲು ನಿರೂಪಕರು ತೆಗೆದುಕೊಂಡದ್ದು 4 ನಿಮಿಷ. ಒಟ್ಟು 20 ನಿಮಿಷವಾಯಿತಲ್ಲವೆ? ಎಂದರೆ, ಆಮಂತ್ರಣ ಪತ್ರಿಕೆಯಲ್ಲಿ ವಿಷಯವೇ ನಮೂದಾಗದ ಆರನೆಯ ಭಾಷಣಕಾರರೊಬ್ಬರು ಮಿಕ್ಕೈವರಿಗಿಂತ ದೀರ್ಘವಾಗಿ ಮಾತನಾಡಿದಂತಾಯಿತು. ಕೊನೆಯವರ ಕೈಗೆ ‘ದಯವಿಟ್ಟು ಬೇಗ ಮುಗಿಸಿ’ ಎಂಬ ಚೀಟಿ ಹೋದದ್ದು ಈ ಪುಣ್ಯದ ಫಲ.

ಹಾಗಾದರೆ ಎಷ್ಟು ಮಾತು ಸಾಕು?

ಮುಕ್ಕಾಲು ನಿಮಿಷ. ಹಿಂದಿನವರ ಭಾಷಣದಿಂದ ಒಂದೇ ಒಂದು ಎಳೆಯನ್ನು ಹಿಡಿದು, ಅದನ್ನು ಮುಂದಿನವರ ವಿಷಯಕ್ಕೆ ಕಟ್ಟಿ, ಹೆಸರನ್ನು ಎಲ್ಲಕ್ಕೂ ಕಡೆಯಲ್ಲಿ ಹೇಳಿದರಾಯಿತು. ಹೆಸರು ಕಿವಿಗೆ ಬಿದ್ದೊಡನೆ ಚಪ್ಪಾಳೆ ಏಳುವುದು ಸಭೆಯ ಸ್ವಭಾವ. ಆ ಚಪ್ಪಾಳೆಯ ಮರೆಯಲ್ಲಿಯೇ ಭಾಷಣಕಾರರು ಶಾಲನ್ನು ಸರಿಪಡಿಸಿಕೊಂಡು, ಕಾಗದಗಳನ್ನು ಹುಡುಕಿಕೊಂಡು ನನ್ನ ಬಳಿಗೆ ಬರುತ್ತಾರೆ. ಹೆಸರನ್ನು ಮೊದಲೇ ಹೇಳಿ ಆಮೇಲೆ ಬಿರುದಾವಳಿಯನ್ನು ಬಿಚ್ಚಿದರೋ, ಎದ್ದು ನಿಂತ ಆ ಬಡಪಾಯಿ, ಕೂರಲೂ ಆಗದೆ ಬರಲೂ ಆಗದೆ, ತಮ್ಮದೇ ಪ್ರಶಸ್ತಿಗಳ ಪಟ್ಟಿಯನ್ನು ತಲೆತಗ್ಗಿಸಿ ಕೇಳಬೇಕಾಗುತ್ತದೆ.

ಇಂದಿನ ಗೋಷ್ಠಿಯಿಂದಲೇ ಒಂದು ನಿದರ್ಶನವನ್ನು ದಯಪಾಲಿಸಬೇಕು.

ವಿಷಯ ಕೆರೆಗಳು. ಮೊದಲು ಮಾತನಾಡಿದ ಎಂಜಿನಿಯರ್ ಮಹನೀಯರು ಹೂಳು, ತೂಬು, ಕೋಡಿ, ಒತ್ತುವರಿಗಳನ್ನು ಅಂಕಿಅಂಶಗಳೊಡನೆ ವಿವರಿಸಿದರು. ಸಭೆ ಗೌರವದಿಂದ ತೂಕಡಿಸಿತು. ಮುಂದೆ ಮಾತನಾಡಬೇಕಾಗಿದ್ದವರು ‘ಕೆರೆಗೆ ಹಾರ’ವೆಂಬ ಜನಪದ ಕಥನಗೀತೆಯನ್ನು ಅಭ್ಯಸಿಸಿದ ವಿದುಷಿ. ನಿರೂಪಕರು ಮಾಡಿದ್ದೇನು? ಅಂಕಿಅಂಶಗಳನ್ನೆಲ್ಲ ಇನ್ನೊಮ್ಮೆ, ತುಸು ತಪ್ಪಾಗಿ, ಒಪ್ಪಿಸಿದರು. ಕೆರೆಗೆ ಪ್ರಾಸ ಕೂಡುವ ಸ್ವಂತ ಚುಟುಕವೊಂದನ್ನು ವಾಚಿಸಿದರು. ‘ಇವರ ಪರಿಚಯದ ಅಗತ್ಯವೇ ಇಲ್ಲ’ ಎಂದು ಸಾರಿ ಪರಿಚಯಕ್ಕೆ ತೊಡಗಿದರು. ಅಷ್ಟಕ್ಕೇ ನಿಲ್ಲದೆ, ನೀರು ಬಾರದ ಕೆರೆಗೆ ಕಿರಿಯ ಸೊಸೆ ಭಾಗೀರಥಿಯನ್ನು ಹಾರ ಕೊಟ್ಟ ಕಥೆಯನ್ನು ಆದ್ಯಂತವಾಗಿ ಹೇಳಿ ಮುಗಿಸಿ, ಅನಂತರ ಆ ವಿದುಷಿಯನ್ನು ವೇದಿಕೆಗೆ ಬರಮಾಡಿಕೊಂಡರು. ಆಕೆ ಬಂದು ನನ್ನ ಮುಂದೆ ನಿಂತು ಮೊದಲು ಬಿಟ್ಟ ನಿಟ್ಟುಸಿರನ್ನು ವೃತ್ತಿಧರ್ಮಕ್ಕನುಸಾರವಾಗಿ ನಾನು ಹಿಂದಿನ ಸಾಲಿನವರಿಗೂ ಕೇಳಿಸಿದೆ.

ತಾವಾಗಿದ್ದರೆ ಏನೆನ್ನುತ್ತಿದ್ದಿರಿ?

‘ಕೆರೆಯಲ್ಲಿ ನೀರು ನಿಲ್ಲದಿರುವುದಕ್ಕೆ ಹೂಳು ಕಾರಣವೆಂದು ಈಗ ಕೇಳಿದೆವು. ನೀರೇ ಬಾರದಿದ್ದಾಗ ನಮ್ಮ ಹಿರಿಯರು ಜೋಯಿಸರನ್ನು ಕೇಳಿದರು. ಅವರು ಹೇಳಿದ ಪರಿಹಾರದ ಬೆಲೆಯನ್ನು ತೆತ್ತವರು ಯಾರು? ‘ಕೆರೆಗೆ ಹಾರ’ವನ್ನು ಕುರಿತು ಈಗ ಶ್ರೀಮತಿ ಇಂಥವರು.’ ಇಷ್ಟೇ. ಹೂಳನ್ನು ಬಲ್ಲವರಿಗೂ ಹಾಡನ್ನು ಬಲ್ಲವರಿಗೂ ಇದರಲ್ಲಿ ಒಂದೊಂದು ಹಿಡಿ ಉಂಟು. ಉತ್ತರ ಮಾತ್ರ ಭಾಷಣಕಾರರ ಸೊತ್ತು. ಇಂತಹ ಮಾತಿನ ಎರಡನೆಯ ಅರ್ಧವನ್ನು ಹಿಂದಿನ ರಾತ್ರಿಯೇ ಬರೆದಿಟ್ಟುಕೊಳ್ಳಬಹುದು. ಮೊದಲನೆಯ ಅರ್ಧಕ್ಕಾಗಿ ಹಿಂದಿನವರ ಭಾಷಣವನ್ನು ಕೇಳಲೇಬೇಕು. ಆ ಸಮಯದಲ್ಲಿ ನಿರೂಪಕರು ಸಾಮಾನ್ಯವಾಗಿ ನೆನಪಿನ ಕಾಣಿಕೆಗಳನ್ನು ಎಣಿಸುತ್ತಿರುತ್ತಾರೆ.

ಸಭೆ ಜೋಲುಮೋರೆ ಹಾಕಿದಾಗ ನಗೆಹನಿಯಿಂದ ಹುರಿದುಂಬಿಸುವುದು ಯುಕ್ತವಲ್ಲವೆ?

ಊಟದ ಅನಂತರದ ಜೋಂಪಾದರೆ ಯುಕ್ತವೇ. ಆದರೆ ಸಾಲದ ಹೊರೆಯಿಂದ ಪ್ರಾಣ ನೀಗಿದ ರೈತರನ್ನು ಕುರಿತ ಭಾಷಣ ಮುಗಿದು ಜನ ಸುಮ್ಮನೆ ಕುಳಿತಿರುವಾಗ, ಆ ಮೌನವನ್ನೂ ತೂಕಡಿಕೆಯೆಂದೇ ಬಗೆದು, ‘ಈಗ ಸ್ವಲ್ಪ ನಗೋಣವೆ?’ ಎಂದವರನ್ನೂ ನಾನು ಕಂಡಿದ್ದೇನೆ. ಇವೆರಡನ್ನು ಬೇರ್ಪಡಿಸಿ ತಿಳಿಯಲು ಕಣ್ಣು ಸಾಕು: ತೂಕಡಿಸುವವರು ಒಬ್ಬೊಬ್ಬರಾಗಿ ವಾಲುತ್ತಾರೆ, ಕೆಮ್ಮುತ್ತಾರೆ, ಕುರ್ಚಿಯನ್ನು ಜರುಗಿಸುತ್ತಾರೆ, ಮನ ಕರಗಿದವರು ಅಲುಗಾಡುವುದಿಲ್ಲ. ಅಲುಗಾಡದ ಸಭೆಯೆದುರು ಎರಡು ಉಸಿರು ತಾಳಿ, ದನಿಯನ್ನು ತಗ್ಗಿಸಿ, ಮುಂದಿನವರ ಹೆಸರನ್ನು ಹೇಳಿ ಸರಿದುಬಿಡಬೇಕು. ನಗಿಸುವ ಕೆಲಸ ಮುಂದಿನವರದಾದರೆ ಅವರೇ ನಗಿಸಲಿ. ‘ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಾರೆ’ ಎಂದು ಮೊದಲೇ ಸಾರಿದರೆ, ಸಭೆ ಕೈಕಟ್ಟಿ ಕುಳಿತು, ನಗಿಸಿರಿ ನೋಡೋಣ ಎಂಬಂತೆ ದಿಟ್ಟಿಸುತ್ತದೆ.

ಕೊನೆಯದಾಗಿ ಒಂದು ಪ್ರಶ್ನೆ...

ಆ ಮಾತನ್ನು ಮಾತ್ರ ಆಡಬೇಡಿರಿ! ‘ಕೊನೆಯ ಭಾಷಣಕಾರರು’ ಎಂದು ನಿರೂಪಕರು ಸಾರಿದ ಕ್ಷಣದಲ್ಲಿಯೇ ಇಂದು ಅರ್ಧ ಸಭೆ ಎದ್ದು ಕಾಫಿಯ ಸಾಲಿಗೆ ಸೇರಿತು. ಅಧ್ಯಕ್ಷರ ಭಾಷಣ ಅದಾದ ಮೇಲಿತ್ತು.

ಹಾಗಾದರೆ ಕೊನೆಯವರನ್ನು ಏನೆಂದು ಕರೆಯಬೇಕು?

ಅವರ ಹೆಸರು ಹಿಡಿದು.