ಆಣ ಪರೀಕ್ಷೆ

ನಮ್ಮ ಅವ್ವ ಗೋಕಾಕದವಳು, ಚಿಗವ್ವ ಮೂಡಲಗಿಯ ಸೊಸೆ, ಸೋದರತ್ತೆ ಹುಕ್ಕೇರಿಯ ಗೃಹಿಣಿ. ಹೊಲದ ಬಾಂದು, ವರಪರೀಕ್ಷೆ, ಸೊಸೆಯಂದಿರ ಗುಣದೋಷ ಮೊದಲಾದ ಲೌಕಿಕ ವಿಷಯಗಳಲ್ಲಿ ಈ ಮೂವರಿಗೂ ಆಶ್ಚರ್ಯಕರವಾದ ಐಕಮತ್ಯವಿದ್ದರೂ, ಒಲೆಯ ಮೇಲಿರುವ ಬೆಲ್ಲದ ಆಣ ಬಂದಿದೆಯೋ ಇಲ್ಲವೋ ಎಂಬ ಒಂದು ವಿಷಯದಲ್ಲಿ ಮಾತ್ರ ಅವರು ಎಂದೂ ಏಕಾಭಿಪ್ರಾಯಕ್ಕೆ ಬಂದುದನ್ನು ನಾನು ಕಂಡಿಲ್ಲ. ಶ್ರಾವಣದ ಪಂಚಮಿಗೆ ಉಂಡಿ ಕಟ್ಟಲು ಅವರು ಒಂದೆಡೆ ಸೇರಿದರೆಂದರೆ, ಬಾಣಲೆಗಿಂತ ಮೊದಲು ಅಭಿಪ್ರಾಯಗಳು ಕಾಯುತ್ತವೆ.

“ಎಳೀದೈತಿ, ಇನ್ನೊಂದ್ ಕುದಿ ಬರ್ಲಿ ತಡೀರಿ” ಎಂದು ಅತ್ತೆ.

“ಇನ್ನೊಂದ್ ಕುದಿ ಬಂದ್ರ ಕಲ್ಲಾಗತೈತಿ ಅಕ್ಕಾರ, ಇಳಸ್ರಿ” ಎಂದು ಚಿಗವ್ವ.

ಅವ್ವ ಏನೂ ಹೇಳದೆ ಬಾಣಲೆಯನ್ನು ಒಲೆಯಿಂದ ಕೆಳಗಿಳಿಸಿಬಿಡುತ್ತಾಳೆ. ಈ ಮೌನದಲ್ಲಿ ಶಾಸ್ತ್ರಜ್ಞಾನವಿದೆಯೆಂಬುದು ನನಗೆ ಬಹುಕಾಲದ ಮೇಲೆ ಅರ್ಥವಾಯಿತು. ಏಕೆಂದರೆ ಪರೀಕ್ಷೆ ನಡೆಯುತ್ತಿರುವಾಗ ಉರಿಯ ಮೇಲಿರುವ ಪಾಕವು ಪರೀಕ್ಷಕರಿಗಾಗಿ ಕಾಯುವುದಿಲ್ಲ. ಅವರ ವಾದ ಮುಗಿಯುವಷ್ಟರಲ್ಲಿ ಅದು ಮುಂದಿನ ಹದಕ್ಕೆ ಹೊರಟುಹೋಗಿರುತ್ತದೆ.

ಪಾಕದ ರಹಸ್ಯವೆಲ್ಲವೂ ಅದರಲ್ಲಿ ಉಳಿದಿರುವ ನೀರಿನಲ್ಲಿದೆ. ಅರ್ಧ ಕಿಲೋ ಸಕ್ಕರೆಗೆ ಕಾಲು ಕಿಲೋ ನೀರು ಹಾಕಿ ಕುದಿಸಿದರೆ, ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದೇ ಎಳೆ ಮುರಿಯದೆ ನಿಲ್ಲುವ ಹೊತ್ತಿಗೆ ಅದರಲ್ಲಿ ಸುಮಾರು 140 ಗ್ರಾಂ ನೀರು ಉಳಿದಿರುತ್ತದೆ. ತಣ್ಣೀರಿಗೆ ಹಾಕಿದ ಹನಿಯನ್ನು ಮೆತ್ತನೆಯ ಉಂಡೆಯಾಗಿ ಹೊರಳಿಸಬಹುದಾದ ಹದಕ್ಕೆ ಬಂದಾಗ ಉಳಿಯುವುದು ಸುಮಾರು 80 ಗ್ರಾಂ. ಅಂದರೆ ಜಿಲೇಬಿಯ ಪಾಕಕ್ಕೂ ಕರದಂಟಿನ ಪಾಕಕ್ಕೂ ನಡುವೆ ಇರುವ ಅಂತರ ಕೇವಲ 60 ಗ್ರಾಂ ನೀರು. ಅದು ಆವಿಯಾಗಲು, ಮೂವರು ಹಿರಿಯ ಸ್ತ್ರೀಯರು ಪರಸ್ಪರರ ತವರುಮನೆಯ ಪದ್ಧತಿಯನ್ನು ಟೀಕಿಸುವುದಕ್ಕೆ ತಗಲುವ ಕಾಲಕ್ಕಿಂತ ಕಡಿಮೆ ಕಾಲ ಸಾಕು.

ಹಾಗಾದರೆ ಯಾವ ಸಿಹಿಗೆ ಯಾವ ಪಾಕ? ಇದನ್ನು ಕಂಠಪಾಠ ಮಾಡತಕ್ಕ ಅಗತ್ಯವಿಲ್ಲ. ಪಾಕದೊಳಗೆ ಬೀಳಲಿರುವ ವಸ್ತುವಿನ ಸ್ವಭಾವವನ್ನು ವಿಚಾರಿಸಿದರೆ ಸಾಕು. ಜಾಮೂನು ತಾನೇ ಪಾಕವನ್ನು ಕುಡಿಯಬೇಕಾದುದರಿಂದ ಅದಕ್ಕೆ ಎಳೆಯೇ ಬಾರದ, ಬೆರಳಿಗೆ ಅಂಟುವಷ್ಟೇ ಜಿಗುಟಾದ ಪಾಕ ಬೇಕು. ಎಳೆ ಬಂದ ಪಾಕ ಅದರ ಹೊಟ್ಟೆಗೆ ಇಳಿಯುವುದಿಲ್ಲ. ಹುರಿದ ರವೆಯು ಬಾಯಾರಿದ ಅತಿಥಿ. ಒಂದೆಳೆಯ ಪಾಕದಲ್ಲಿರುವ ಮಿಕ್ಕ ನೀರನ್ನೆಲ್ಲ ಅದು ಹೀರಿಕೊಂಡು ಸಕ್ಕರೆಯನ್ನು ಗಟ್ಟಿಯಾಗಲು ಬಿಟ್ಟುಬಿಡುತ್ತದೆ, ಆದುದರಿಂದ ರವೆ ಉಂಡಿಗೆ ಒಂದೆಳೆ ಸಾಕು. ಅದಕ್ಕೂ ಮುಂದೆ ಹೋದರೆ ಕಟ್ಟುವ ಮೊದಲೇ ರವೆ ಪುಡಿಪುಡಿಯಾಗಿ ಕೈಗೆ ಸಿಗದು. ಆದರೆ ತುಪ್ಪದಲ್ಲಿ ಕರಿದ ಅಂಟು, ಬಾದಾಮಿ, ಗೋಡಂಬಿಗಳಿಗೆ ನೀರಿನ ಹಂಗಿಲ್ಲ, ಅವು ಏನನ್ನೂ ಕುಡಿಯುವುದಿಲ್ಲ; ಅಲ್ಲಿ ಗಟ್ಟಿಯಾಗುವ ಭಾರವೆಲ್ಲ ಪಾಕದ ಮೇಲೆಯೇ ಬೀಳುವುದರಿಂದ ಅದು ಉಂಡೆಯ ಹದಕ್ಕೆ ಬಂದೇ ತೀರಬೇಕು. ಕರಿದ ಕಡಲೆಹಿಟ್ಟಿನ ಸೇವಿನಿಂದ ಮಾಡುವ ಲಡ್ಡಿಗಿ ಉಂಡಿಗೂ ಇದೇ ನ್ಯಾಯ.

ಗೋಕಾಕದ ಪ್ರಸಿದ್ಧ ಕರದಂಟನ್ನೇ ತೆಗೆದುಕೊಳ್ಳೋಣ. ಅರ್ಧ ಕಿಲೋ ಬೆಲ್ಲಕ್ಕೆ ಕಾಲು ಕಿಲೋ ಒಣಕೊಬ್ಬರಿಯ ತುರಿ, 100 ಗ್ರಾಂ ಅಂಟು, ಬೀಜ ತೆಗೆದು ಕತ್ತರಿಸಿದ ಉತ್ತತ್ತಿ, ಅಂಜೂರ, ಗೋಡಂಬಿ, ಬಾದಾಮಿ, ಮೇಲಿಷ್ಟು ಗಸಗಸೆ, ಯಾಲಕ್ಕಿ, ಜಾಜಿಕಾಯಿ. ಅಂಟನ್ನು ತುಪ್ಪದಲ್ಲಿ ಸ್ವಲ್ಪಸ್ವಲ್ಪವಾಗಿ ಕರಿಯಬೇಕು. ಉರಿ ಹೆಚ್ಚಾದರೆ ಹೊರಗೆ ಕೆಂಪಾಗಿ ಒಳಗೆ ಹಸಿಯಾಗಿ ಉಳಿದು, ತಿನ್ನುವವನ ದವಡೆಗಳೆರಡನ್ನೂ ಒಂದುಗೂಡಿಸಿಬಿಡುತ್ತದೆ. ಅರಳಿದ ಅಂಟು ಬೆರಳಿಂದ ಒತ್ತಿದರೆ ಪುಡಿಯಾಗಬೇಕು. ಬೆಲ್ಲವನ್ನು ತೋಯುವಷ್ಟೇ ನೀರಿನಲ್ಲಿ ಕರಗಿಸಿ, ಅದರೊಡನೆ ಬಂದ ಕಬ್ಬಿನ ಸಿಬರು, ಮರಳುಗಳನ್ನು ಬಟ್ಟೆಯಲ್ಲಿ ಸೋಸಿ ತೆಗೆದು, ಪುನಃ ಒಲೆಗೇರಿಸತಕ್ಕದ್ದು. ಮೊದಲು ದೊಡ್ಡ ಗುಳ್ಳೆಗಳೇಳುತ್ತವೆ. ಬರಬರುತ್ತ ಅವು ಸಣ್ಣವಾಗಿ, ಒತ್ತೊತ್ತಾದ ನೊರೆಯಾಗಿ, ಬಣ್ಣ ಒಂದು ಛಾಯೆ ಕಪ್ಪಾಗುತ್ತದೆ. ಆಗ ಬಟ್ಟಲಿನ ತಣ್ಣೀರಿಗೆ ಒಂದು ಹನಿ. ಕರಗಿ ಹೋದರೆ ಹದವಿನ್ನೂ ದೂರ. ತಳದಲ್ಲಿ ಕುಳಿತು, ಬೆರಳಿಂದ ಕೂಡಿಸಿದರೆ ಮೆತ್ತನೆಯ ಉಂಡೆಯಾಗಿ, ನೀರಿನಿಂದ ತೆಗೆದ ಮೇಲೆ ಮೆಲ್ಲನೆ ಚಪ್ಪಟೆಯಾದರೆ ಕರದಂಟು ಹಲ್ಲಿಗೆ ಮೃದುವಾಗುತ್ತದೆ. ಉಂಡೆಯು ತಾಟಿಗೆ ಬಡಿದಾಗ ಟಣ್ಣೆಂದರೆ ಅದು ಶೇಂಗಾ ಚಿಕ್ಕಿಗೆ ಯೋಗ್ಯ. ಅದರಲ್ಲಿ ಕರದಂಟು ಮಾಡಿದರೆ ಕತ್ತರಿಸಲು ಚಾಕು ಸಾಲದು, ಬಡಿಗನನ್ನು ಕರೆಯಬೇಕು.

ಪಟ್ಟಣವಾಸಿಯಾದ ನನ್ನ ಅಳಿಯನೊಬ್ಬ ಈ ವಿವಾದಗಳಿಗೆ ಮಂಗಳ ಹಾಡುವ ಸದುದ್ದೇಶದಿಂದ ಒಂದು ಉಷ್ಣಮಾಪಕವನ್ನು ತಂದನು. ಮೆತ್ತನೆಯ ಉಂಡೆಗೆ 112ರಿಂದ 116 ಡಿಗ್ರಿ ಎಂದು ಪುಸ್ತಕದಲ್ಲಿದೆಯೆಂದು ಸಾರಿದನು. ಆ ಅಂಕಿ ಸಮುದ್ರಮಟ್ಟದ್ದು; ನಮ್ಮ ಘಟಪ್ರಭೆಯಾದರೋ ಗೋಕಾಕದಲ್ಲಿ 52 ಮೀಟರು ಕೆಳಗೆ ಧುಮುಕಿದ ಮೇಲೂ ಸಮುದ್ರಕ್ಕಿಂತ 500 ಮೀಟರಿಗೂ ಹೆಚ್ಚು ಎತ್ತರದಲ್ಲಿಯೇ ಇರುತ್ತಾಳೆ. ಇಲ್ಲಿ ನೀರೇ 100ಕ್ಕೆ ಸುಮಾರು ಎರಡು ಡಿಗ್ರಿ ಮೊದಲು ಕುದಿಯುವುದರಿಂದ ಪಾಕದ ಹದಗಳೆಲ್ಲವೂ ಅಷ್ಟೇ ಮೊದಲು ಬರುತ್ತವೆ; ಪುಸ್ತಕದ ಡಿಗ್ರಿಗಾಗಿ ಕಾದವನಿಗೆ ಒಂದು ಹದ ಹೆಚ್ಚಾದ ಪಾಕವೇ ಗತಿ. ಕುದಿಯುವ ನೀರಿನಲ್ಲಿ ಮಾಪಕವನ್ನದ್ದಿ ನೋಡಿ, ಕಡಿಮೆ ಬಿದ್ದಷ್ಟನ್ನು ಪುಸ್ತಕದ ಅಂಕಿಯಿಂದ ಕಳೆದುಕೊಂಡರೆ ಲೆಕ್ಕ ಸರಿಹೋಗುತ್ತದೆ. ಬೆರಳಿಗೆ ಈ ವ್ಯವಕಲನದ ತೊಂದರೆಯಿಲ್ಲ; ಅದು ಶಾಖವನ್ನಲ್ಲ, ಪಾಕದ ಗಟ್ಟಿತನವನ್ನೇ ನೇರವಾಗಿ ಅಳೆಯುತ್ತದೆ.

ಗಡಿಯಾರವಂತೂ ಇನ್ನೂ ನಿಷ್ಪ್ರಯೋಜಕ. ಪಂಚಮಿ ಬರುವುದು ಮಳೆಗಾಲದಲ್ಲಿ. ಆಗ ಬೆಲ್ಲವು ಗಾಳಿಯ ತೇವವನ್ನು ಹೀರಿ ಬೆವೆತು ಕುಳಿತಿರುತ್ತದೆ, ಆ ನೀರನ್ನೂ ಒಲೆಯೇ ಕಳೆಯಬೇಕು. ಹಳತಾಗಿ ಹುಳಿ ಹತ್ತಿದ ಬೆಲ್ಲವಾದರೆ ಎಷ್ಟು ಕುದಿಸಿದರೂ ಜಿಗುಟಾಗಿಯೇ ಉಳಿಯುತ್ತದೆ. ಅದರ ಸಕ್ಕರೆಯಲ್ಲಿ ಒಂದು ಭಾಗ ಹರಳುಗಟ್ಟದ ಬೇರೆ ಸಕ್ಕರೆಗಳಾಗಿ ಒಡೆದುಹೋಗಿರುತ್ತದೆ. ಹರಳುಗಟ್ಟಬಾರದ ಬಿಳಿ ಸಕ್ಕರೆಯ ಪಾಕಕ್ಕೆ ನಾಲ್ಕು ಹನಿ ಲಿಂಬೆರಸ ಹಿಂಡುವುದು ಇದೇ ಒಡಕನ್ನು ಹಿತಮಿತವಾಗಿ ತರುವುದಕ್ಕಾಗಿಯೇ. ಒಂದರಲ್ಲಿ ದೋಷವಾದದ್ದು ಇನ್ನೊಂದರಲ್ಲಿ ಔಷಧ.

ಆಣ ಏರಿಹೋದರೂ ಅಂಟು, ಕೊಬ್ಬರಿಗಳು ಬೀಳುವವರೆಗೆ ಹೆದರಬೇಕಾದುದಿಲ್ಲ. ಎರಡು ಚಮಚ ಬಿಸಿನೀರು ಸೇರಿಸಿ ಮತ್ತೆ ಕುದಿಸಿದರೆ ಪಾಕವು ಹಿಂದಿರುಗುತ್ತದೆ, ಎರಡನೆಯ ಸಲ ಎಚ್ಚರದಿಂದ ಹದ ಹಿಡಿಯಬಹುದು. ಅವು ಬಿದ್ದ ಮೇಲೆ ಉಪಾಯವಿಲ್ಲ. ಅಂಥ ಕರದಂಟನ್ನು ಅತ್ತೆಯವರು ಹುಕ್ಕೇರಿಯ ಪದ್ಧತಿಯೆಂದು ಸಮರ್ಥಿಸುತ್ತಾರೆ, ಚಿಗವ್ವ ಹಲ್ಲು ಗಟ್ಟಿಯಿರುವ ಹುಡುಗರ ಡಬ್ಬಿಗೆ ತುಂಬುತ್ತಾಳೆ, ಅವ್ವ ಮಾತ್ರ ಮುಂದಿನ ಬಾಣಲೆಗೆ ಬೆಲ್ಲ ಕುಟ್ಟತೊಡಗುತ್ತಾಳೆ.